ಸಂದರ್ಶನಕ್ಕೆ ಮುಖ್ಯವಾದವರೇ ಬರಲಿಲ್ಲ. ಅವರ ಜೊತೆ ಹದಿನೈದು ನಿಮಿಷ ಕೇಳುವುದು ಹೇಗೆ?

ಗುಬ್ಬಿಗೂಡು

ಮಂಗಳವಾರ ಸಂದರ್ಶನ ಮುಗಿಯಿತು. ಡೇಟಾ ಎಂಜಿನಿಯರ್ ಕೆಲಸ. ವೇಳಾಪಟ್ಟಿಯಲ್ಲಿ ನಾಲ್ಕು ಜನರ ಹೆಸರಿತ್ತು, ಬಂದವರು ಮೂರೇ. ಬಾರದೇ ಇದ್ದವರು ಬೇರೆ ಯಾರೂ ಅಲ್ಲ, ನಾನು ಸೇರಿದರೆ ಯಾರ ಕೈಕೆಳಗೆ ಕೆಲಸ ಮಾಡಬೇಕೋ ಆ ಮ್ಯಾನೇಜರ್! ಏನೋ ತುರ್ತು ಕೆಲಸ ಬಂತಂತೆ, ಅಷ್ಟೇ ಹೇಳಿದರು. ಅವರಿಗೆ ಅಂತ ಇಟ್ಟಿದ್ದ 45 ನಿಮಿಷವನ್ನು ತಂಡದ ಸೀನಿಯರ್ ಒಬ್ಬರು ತೆಗೆದುಕೊಂಡು ಮತ್ತೆ ಕೋಡ್ ಬರೆಸಿದರು. ಅಲ್ಲಿಗೆ ಎರಡು ಸಲ ಕೋಡ್ ಆಯಿತು. ನಾನು ಕೆಲಸ ಹೇಗೆ ಮಾಡುತ್ತೇನೆ, ಹಿಂದೆ ಏನು ಮಾಡಿದ್ದೇನೆ ಅನ್ನುವುದನ್ನು ಯಾರೂ ಕೇಳಲೇ ಇಲ್ಲ.

ಈಗ ಮ್ಯಾನೇಜರ್ ಜೊತೆ ಸ್ವಲ್ಪ ಹೊತ್ತು ಮಾತಾಡಬೇಕು ಅಂತ ಕೇಳಬಹುದಾ? ಕೇಳಿದರೆ ತಪ್ಪು ತಿಳಿಯುತ್ತಾರಾ? ಒಂದು ಮೇಲ್ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಕಳಿಸುವುದು ಇಂಗ್ಲಿಷಿನಲ್ಲಿ, ಅದರ ಸಾರ ಕನ್ನಡದಲ್ಲಿ ಹಾಕುತ್ತಿದ್ದೇನೆ:

> ಮಂಗಳವಾರದ ಸಂದರ್ಶನಕ್ಕೆ ಧನ್ಯವಾದ. ಆದರೆ ತಂಡದ ಮ್ಯಾನೇಜರ್ ಬಾರದೇ ಇದ್ದದ್ದರಿಂದ ನನ್ನ ಅನುಭವವನ್ನು ಪೂರ್ತಿಯಾಗಿ ತೋರಿಸಲು ಅವಕಾಶ ಸಿಗಲಿಲ್ಲ. ನಿರ್ಧಾರಕ್ಕೆ ಮುಂಚೆ ಅವರು ನನ್ನನ್ನು ಒಮ್ಮೆ ಭೇಟಿ ಮಾಡುವುದು ನ್ಯಾಯ ಅನಿಸುತ್ತದೆ. ಒಂದು ಗಂಟೆ ಸಮಯ ಕೊಟ್ಟರೆ ನಾನು ಯಾವಾಗ ಬೇಕಾದರೂ ಸಿದ್ಧ.

ಇದನ್ನು ಎಚ್‌ಆರ್‌ಗೆ ಕಳಿಸಿ, ಅವತ್ತು ಬಂದಿದ್ದ ಮೂವರಿಗೂ ಸಿಸಿ ಹಾಕೋಣ ಅಂತಿದ್ದೇನೆ. ಏನಂತೀರಿ?

ಸೀದಾಸಾದಾ

ಸಂದರ್ಶನಕ್ಕೆ ಹೋಗಲು ಆಗಲಿಲ್ಲ ಅಂದರೆ ಮೊದಲು ಕ್ಷಮೆ ಕೇಳಿ. ಕಾರಣ ನಿಜ ಹೇಳಿ, ಸುಮ್ನೆ ಹುಷಾರಿರಲಿಲ್ಲ ಅಂತ ಕಥೆ ಕಟ್ಟಬೇಡಿ. ಸಾಮಾನ್ಯವಾಗಿ ಇನ್ನೊಂದು ದಿನ ಕೊಡುತ್ತಾರೆ.

ಗುಬ್ಬಿಗೂಡು

ಅಯ್ಯೋ, ನಾನು ಹೋಗಿದ್ದೆ ಸ್ವಾಮಿ. ಅವರು ಬರಲಿಲ್ಲ.

ಓಡುಕುದುರೆ

ಗುರು, ಎಚ್‌ಆರ್ ಮೂಲಕ ಹೋದರೆ ಅಲ್ಲೇ ಕೂತುಬಿಡುತ್ತದೆ. ಆ ಮ್ಯಾನೇಜರ್ ಹೆಸರು ಗೊತ್ತಲ್ಲ, ಲಿಂಕ್ಡ್‌ಇನ್‌ನಲ್ಲಿ ಹುಡುಕಿ ನೇರ ಮೆಸೇಜ್ ಹಾಕು. ನಿರ್ಧಾರ ಮಾಡುವವರು ಅವರೇ. ನಡುವೆ ಇರುವವರನ್ನು ಕೇಳಿ ಏನು ಉಪಯೋಗ? ನಾನು ಹೋದ ವರ್ಷ ಹೀಗೇ ಮಾಡಿದೆ, ಮಾರನೇ ದಿನವೇ ಫೋನ್ ಬಂತು.

ಗುಬ್ಬಿಗೂಡು

ಗುರು ಅಲ್ಲ, ಮೇಡಂ :) ನೇರವಾಗಿ ಬರೆಯುವ ಧೈರ್ಯ ನನಗಿಲ್ಲ, ಆದರೆ ನೀವು ಹೇಳುವುದರಲ್ಲೂ ಅರ್ಥ ಇದೆ ಅನಿಸುತ್ತಿದೆ.

ಹಳೇಮೇಜು

ಸಂದರ್ಶನದ ಮೇಜಿನ ಆ ಕಡೆ ಸುಮಾರು ವರ್ಷ ಕೂತವನು ನಾನು. ಎಷ್ಟೋ ಸಲ ಹೀಗೆ ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಂಡವನೂ ನಾನೇ. ಹಾಗಾಗಿ ಆ ಕಡೆ ಏನಾಗುತ್ತದೆ ಅಂತ ಹೇಳುತ್ತೇನೆ.

ಸಂದರ್ಶನ ತೆಗೆದುಕೊಂಡವರು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ಬರೆದು ಹಾಕುತ್ತಾರೆ. ಆಮೇಲೆ ಎಲ್ಲರೂ ಕೂತು ಅರ್ಧ ಗಂಟೆ ಮಾತಾಡಿ ತೀರ್ಮಾನಕ್ಕೆ ಬರುತ್ತಾರೆ. ಈ ಸಭೆ ಸಾಮಾನ್ಯವಾಗಿ ಒಂದೆರಡು ದಿನದೊಳಗೇ ಆಗುತ್ತದೆ, ತಡವಾದರೆ ಮರೆತುಹೋಗುತ್ತದೆ ಅಲ್ವಾ. ನಿಮ್ಮನ್ನು ನೋಡದ ಮ್ಯಾನೇಜರ್ ಆ ಸಭೆಯಲ್ಲಿ ಇರುತ್ತಾರೆ. ಅವರ ಕೈಯಲ್ಲಿ ಇರುವುದು ಬೇರೆಯವರು ಬರೆದ ನಾಲ್ಕು ಸಾಲು, ಅಷ್ಟೇ. ಎಲ್ಲರೂ ನಿಮ್ಮನ್ನು ಹೊಗಳಿದ್ದರೆ ತೊಂದರೆ ಇಲ್ಲ. ಎಲ್ಲರೂ ಬೇಡ ಅಂದಿದ್ದರೂ ಮಾತು ಮುಗಿಯಿತು. ಕಷ್ಟ ಇರುವುದು ನಡುವೆ. ನೀವು ಮತ್ತು ಇನ್ನೊಬ್ಬರು ಹೆಚ್ಚುಕಮ್ಮಿ ಸಮ ಇದ್ದು, ಆ ಇನ್ನೊಬ್ಬರನ್ನು ಮ್ಯಾನೇಜರ್ ಕಣ್ಣಾರೆ ನೋಡಿದ್ದರೆ, ತಕ್ಕಡಿ ಆ ಕಡೆ ವಾಲುತ್ತದೆ. ನಾನೇ ಹಾಗೆ ವಾಲಿಸಿದ್ದೇನೆ. ಬೇಕಂತ ಅಲ್ಲ. ಕಾಗದದ ಮೇಲಿರುವ ಮನುಷ್ಯನ ಪರವಾಗಿ ವಾದ ಮಾಡುವುದು ಕಷ್ಟ.

ಆದ್ದರಿಂದ ಕೇಳಿ. ಇವತ್ತೇ ಕೇಳಿ. ಆ ಸಭೆ ಮುಗಿದ ಮೇಲೆ ಕೇಳಿದರೆ ನಿಮ್ಮ ಮೇಲ್‌ಗೆ ಬೆಲೆ ಇಲ್ಲ.

ಆದರೆ ಈ ಮೇಲ್ ಮಾತ್ರ ಕಳಿಸಬೇಡಿ ತಾಯಿ. "ನ್ಯಾಯ" ಅನ್ನುವ ಪದ ಒಂದೇ ಸಾಕು ಅದನ್ನು ದೂರು ಮಾಡಲು. ಎಚ್‌ಆರ್ ಅದನ್ನು ಓದಿದ ತಕ್ಷಣ ನಿಮಗೆ ಸಹಾಯ ಮಾಡುವ ಬದಲು ತಮ್ಮವರ ಪರ ನಿಲ್ಲಲು ಶುರುಮಾಡುತ್ತಾರೆ. "ಅವಕಾಶ ಸಿಗಲಿಲ್ಲ" ಅಂದರೆ ಅವತ್ತು ಬಂದ ಮೂವರು ಸರಿಯಾಗಿ ಕೇಳಲಿಲ್ಲ ಅಂದ ಹಾಗೆ. ಆ ಮೂವರನ್ನೇ ಸಿಸಿಯಲ್ಲಿ ಬೇರೆ ಇಟ್ಟಿದ್ದೀರಿ!

ಗುಬ್ಬಿಗೂಡು

😳 ಸಿಸಿ ತೆಗೆದೆ. ಹಾಗೆ ಓದಿಕೊಳ್ಳಬಹುದು ಅಂತ ಹೊಳೆದೇ ಇರಲಿಲ್ಲ.

ಕ್ಯಾಲೆಂಡರ್ ಕಾವಲು

ನಾನು ಮಾಡುವುದೇ ಈ ಕೆಲಸ. ಸಂದರ್ಶನದ ದಿನ, ಹೊತ್ತು, ಕೋಣೆ, ಲಿಂಕ್ ಎಲ್ಲ ಹೊಂದಿಸುವುದು. ಮೇಲಿನವರು ಹೇಳಿದ್ದರಲ್ಲಿ ಹೆಚ್ಚಿನದಕ್ಕೆ ನನ್ನ ಒಪ್ಪಿಗೆ ಇದೆ, ಒಂದೆರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಆ ಮ್ಯಾನೇಜರ್ ಜೊತೆ ಬೇರೆ ದಿನ ಮಾತು ಇಡಬೇಕು ಅಂತ ಕಂಪನಿಯವರೇ ಆಗಲೇ ಯೋಚಿಸಿರಬಹುದು. ಪ್ಯಾನೆಲ್‌ನಲ್ಲಿ ಒಬ್ಬರು ತಪ್ಪಿದರೆ ನಾನು ಅದೇ ದಿನ ಸಂಜೆ ಅವರನ್ನು "ಇವರನ್ನು ನೀವು ನೋಡಲೇಬೇಕಾ, ಇಲ್ಲ ಉಳಿದವರ ಮಾತು ಸಾಕಾ" ಅಂತ ಕೇಳುತ್ತೇನೆ. ಅರ್ಧದಷ್ಟು ಸಲ ಅವರೇ ನೋಡಬೇಕು ಅನ್ನುತ್ತಾರೆ. ಹಾಗಾಗಿ ಮೇಲ್‌ನಲ್ಲಿ ಬೇಡಿಕೆ ಇಡುವ ಮುಂಚೆ ಪ್ರಶ್ನೆ ಇಡಿ. "ಆ ಭಾಗಕ್ಕೆ ಬೇರೆ ದಿನ ಗೊತ್ತುಮಾಡಿದ್ದೀರಾ?" ಅಂತ. ಹೌದಾದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಆ ಪ್ರಶ್ನೆಯೇ ನಮಗೆ ನೆನಪು ಮಾಡಿಕೊಡುತ್ತದೆ.

ಎರಡನೆಯದು, "ಯಾವಾಗ ಬೇಕಾದರೂ ಸಿದ್ಧ" ಅನ್ನುವುದು ವಿನಯದ ಮಾತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪಾಲಿಗೆ ಅದು ಜಾಸ್ತಿ ಕೆಲಸ. ನಾನು ಆ ಮ್ಯಾನೇಜರ್ ಕ್ಯಾಲೆಂಡರ್ ತೆಗೆದು, ಖಾಲಿ ಜಾಗ ಹುಡುಕಿ, ನಿಮಗೆ ಬರೆದು, ನೀವು "ಅಯ್ಯೋ ಆ ಹೊತ್ತಿಗೆ ಆಫೀಸಿನಲ್ಲಿ ಮೀಟಿಂಗ್ ಇದೆ" ಅಂದು, ಮತ್ತೆ ಹುಡುಕಿ, ಹೀಗೇ ಎರಡು ದಿನ ಹೋಗುತ್ತದೆ. ಮೂರು ಹೊತ್ತು ಬರೆದು ಕೊಡಿ. ವಾರ, ತಾರೀಖು, ಗಂಟೆ. ಅವರು ಬೇರೆ ದೇಶದಲ್ಲಿದ್ದರೆ ಅವರ ಗಡಿಯಾರದ ಗಂಟೆ ಬರೆಯಿರಿ. ಒಂದು ಗಂಟೆ ಅಂತೂ ಕೇಳಲೇಬೇಡಿ, ಅದು ಇನ್ನೊಂದು ಸಂದರ್ಶನ ಆಗುತ್ತದೆ. 15 ನಿಮಿಷ ಅಂದರೆ ಎರಡು ಮೀಟಿಂಗ್ ನಡುವೆ ತೂರಿಸಬಹುದು.

ಓಡುಕುದುರೆ

ಇಷ್ಟೆಲ್ಲಾ ಸುತ್ತು ಯಾಕೆ? ನೇರ ಮೆಸೇಜ್ ಹಾಕಿದರೆ ಆಸಕ್ತಿ ಇದೆ ಅಂತ ಗೊತ್ತಾಗುತ್ತದೆ. ನನಗೆ ಕೆಲಸ ಮಾಡಿದೆಯಲ್ಲ.

ಹಳೇಮೇಜು

ನಿಮಗೆ ಫೋನ್ ಬಂದದ್ದು ನಿಜ ಇರಬಹುದು ಸರ್. ಒಂದು ಕೇಳುತ್ತೇನೆ. ಆ ಮ್ಯಾನೇಜರ್ ಜೊತೆ ನಿಮಗೆ ಮುಂಚೆ ಮಾತು ಆಗಿತ್ತಾ?

ಓಡುಕುದುರೆ

ಆಗಿತ್ತು, ಮೊದಲ ಫೋನ್ ರೌಂಡ್ ಅವರೇ ತೆಗೆದುಕೊಂಡಿದ್ದರು. ಏನಾದರೂ ಇದ್ದರೆ ಬರೆಯಿರಿ ಅಂತ ನಂಬರ್ ಕೊಟ್ಟಿದ್ದರು.

ಹಳೇಮೇಜು

ಅಲ್ಲೇ ಇರುವುದು ವ್ಯತ್ಯಾಸ. ಅವರೇ ಬಾಗಿಲು ತೆರೆದಿಟ್ಟಿದ್ದರು, ನೀವು ಒಳಗೆ ಹೋದಿರಿ. ಇವರಿಗೆ ಆ ಮ್ಯಾನೇಜರ್ ಮುಖ ಪರಿಚಯವೂ ಇಲ್ಲ. ನನಗೆ ಹಾಗೆ ಮೆಸೇಜ್ ಬಂದಾಗ ನಾನು ಮಾಡುತ್ತಿದ್ದದ್ದು ಒಂದೇ, ಉತ್ತರ ಕೊಡದೆ ಎಚ್‌ಆರ್‌ಗೆ ಕಳಿಸುವುದು. ಒಬ್ಬರ ಜೊತೆ ಹೊರಗೆ ಮಾತಾಡಿ ಉಳಿದವರ ಜೊತೆ ಆಡದಿದ್ದರೆ ನಾಳೆ ಯಾರಾದರೂ ಕೇಳುತ್ತಾರೆ. ಅಲ್ಲದೆ ಎಚ್‌ಆರ್‌ನವರಿಗೆ "ನಮ್ಮನ್ನು ದಾಟಿ ಹೋದರು" ಅನಿಸುತ್ತದೆ. ಕೊನೆಗೆ ಸಂಬಳದ ಮಾತು ನಡೆಯುವುದೂ ಅವರ ಜೊತೆಯೇ.

ಆ ಮ್ಯಾನೇಜರ್ ತಾವಾಗಿಯೇ "ಬರಲಾಗಲಿಲ್ಲ, ಕ್ಷಮಿಸಿ" ಅಂತ ನಿಮಗೆ ಮೇಲ್ ಹಾಕಿದ್ದರೆ ಬೇರೆ ಮಾತು. ಆಗ ಅದಕ್ಕೇ ಉತ್ತರ ಬರೆದು ಎಚ್‌ಆರ್ ಅವರನ್ನು ಸಿಸಿ ಹಾಕಬಹುದು.

ಪುಸ್ತಕದಹುಳು

ನನ್ನ ಕಥೆ ಸ್ವಲ್ಪ ಬೇರೆ, ಆದರೂ ಹೇಳುತ್ತೇನೆ. ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕರ ಹುದ್ದೆಗೆ ಹೋಗಿದ್ದೆ. ನನ್ನ ವಿಷಯ ಗೊತ್ತಿದ್ದ ಒಬ್ಬರೇ ಒಬ್ಬರು ಸಮಿತಿಯಲ್ಲಿದ್ದರು, ಅವತ್ತು ಅವರೇ ಇಲ್ಲ. ಉಳಿದವರು ನನ್ನ ಪ್ರಬಂಧದ ಹೆಸರು ಓದಿ "ಇದರಿಂದ ಏನು ಪ್ರಯೋಜನ?" ಅಂತ ಕೇಳಿದರು. ಹೊಟ್ಟೆ ಉರಿದುಹೋಯಿತು. ಮನೆಗೆ ಬಂದು ಆ ಪ್ರೊಫೆಸರ್‌ಗೆ ಉದ್ದ ಪತ್ರ ಬರೆದೆ, ಒಮ್ಮೆ ಭೇಟಿಗೆ ಅವಕಾಶ ಕೊಡಿ ಅಂತ. ಹಾಕುವ ಮುಂಚೆ ಗೆಳತಿಯೊಬ್ಬಳು ಜಾಹೀರಾತಿನ ಕೊನೆಯ ಪುಟ ತೋರಿಸಿದಳು. ಸಮಿತಿಯವರನ್ನು ಯಾವುದೇ ರೀತಿ ಸಂಪರ್ಕಿಸಿ ಪ್ರಭಾವ ಬೀರಲು ನೋಡಿದರೆ ಅರ್ಜಿ ಅನರ್ಹ ಅಂತ ಸಣ್ಣ ಅಕ್ಷರದಲ್ಲಿ ಇತ್ತು. ಪತ್ರ ಹರಿದು ಹಾಕಿದೆ.

ಕೆಲಸ ಸಿಗಲಿಲ್ಲ, ಅದು ಬೇರೆ ಮಾತು. ಸಮಿತಿ ಪೂರ್ತಿ ಇಲ್ಲದೆ ಸಂದರ್ಶನ ನಡೆಸಿದ್ದೇ ತಪ್ಪಲ್ಲವಾ ಅಂತ ಇವತ್ತಿಗೂ ತಲೆಯಲ್ಲಿ ಕೊರೆಯುತ್ತದೆ.

ಕ್ಯಾಲೆಂಡರ್ ಕಾವಲು

ಪುಸ್ತಕದಹುಳು ಅವರೇ, ಪತ್ರ ಹರಿದದ್ದು ಒಳ್ಳೆಯದಾಯಿತು. ಸರ್ಕಾರಿ ಹುದ್ದೆ, ವಿಶ್ವವಿದ್ಯಾಲಯ ಇಂಥ ಕಡೆ ನಿಯಮ ಬೇರೆ. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಸಮಿತಿ, ಅಂಕಪಟ್ಟಿ. ಒಬ್ಬರಿಗೆ ಮಾತ್ರ ಹದಿನೈದು ನಿಮಿಷ ಜಾಸ್ತಿ ಕೊಟ್ಟರೆ ಇಡೀ ನೇಮಕಾತಿಯೇ ಪ್ರಶ್ನೆಗೆ ಬರಬಹುದು. ಎಷ್ಟು ಜನ ಇದ್ದರೆ ಸಾಕು ಅನ್ನುವ ಕೋರಂ ನಿಯಮ ಸಾಮಾನ್ಯವಾಗಿ ಇರುತ್ತದೆ. ಅದಕ್ಕಿಂತ ಕಡಿಮೆ ಜನ ಇದ್ದರೆ ಭೇಟಿ ಕೇಳುವುದಲ್ಲ, ಕಚೇರಿಗೆ ಲಿಖಿತವಾಗಿ ಬರೆಯುವುದೇ ದಾರಿ. ನಿಮ್ಮಲ್ಲಿ ಕೋರಂ ಇತ್ತಾ ಇಲ್ಲವಾ ಇಲ್ಲಿ ಕೂತು ಹೇಳಲಾಗದು.

ಖಾಸಗಿ ಕಂಪನಿಗಳಲ್ಲೂ ಕೆಲವರು ಎಲ್ಲರಿಗೂ ಅದೇ ಪ್ರಶ್ನೆ, ಅದೇ ಅಳತೆ ಅಂತ ಕಟ್ಟುನಿಟ್ಟಾಗಿ ನಡೆಸುತ್ತಾರೆ. ಅಂಥವರು "ಆಗುವುದಿಲ್ಲ" ಅಂದರೆ ಅದು ನಿಮ್ಮ ಮೇಲಿನ ಕೋಪ ಅಲ್ಲ.

ಸೀದಾಸಾದಾ

ಓ, ಈಗ ಅರ್ಥ ಆಯಿತು, ಮ್ಯಾನೇಜರ್ ಬರಲಿಲ್ಲ. ಹಾಗಿದ್ದರೆ ನನಗೊಂದು ಅನುಮಾನ. ಸಂದರ್ಶನ ಚೆನ್ನಾಗಿ ಆಗಿದ್ದರೆ ಸುಮ್ನೆ ಇರುವುದು ಒಳ್ಳೆಯದಲ್ಲವಾ? ಮೂವರು ಓಕೆ ಅಂದಿರುತ್ತಾರೆ, ನೀವೇ ಹೋಗಿ ನಾಲ್ಕನೆಯವರಿಗೆ ಬೇಡ ಅನ್ನಲು ಅವಕಾಶ ಕೊಟ್ಟ ಹಾಗೆ ಆಗುವುದಿಲ್ಲವಾ?

ಹಳೇಮೇಜು

ಒಳ್ಳೆಯ ಪ್ರಶ್ನೆ, ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಹಾಗೂ ಆಗಬಹುದು. ಆದರೆ ಗುಬ್ಬಿಗೂಡು ಅವರೇ ಹೇಳಿದರಲ್ಲ, ಎರಡು ಸಲ ಕೋಡ್ ಬರೆಸಿದರು, ಬೇರೆ ಏನೂ ಕೇಳಲಿಲ್ಲ ಅಂತ. ಸಭೆಯಲ್ಲಿ "ಇವರು ತಪ್ಪಾದಾಗ ಏನು ಮಾಡುತ್ತಾರೆ?" ಅಂತ ಯಾರಾದರೂ ಕೇಳಿದರೆ ಅಲ್ಲಿ ಯಾರ ಬಳಿಯೂ ಉತ್ತರ ಇಲ್ಲ. ಖಾಲಿ ಜಾಗವನ್ನು ಜನ ಸಾಮಾನ್ಯವಾಗಿ ಅನುಮಾನದಿಂದ ತುಂಬುತ್ತಾರೆ. ಪ್ಯಾನೆಲ್‌ನಲ್ಲಿ ಬಾರದೇ ಇದ್ದವರು ಬೇರೆ ತಂಡದ ಯಾರೋ ಆಗಿದ್ದು, ಅವರ ಭಾಗವನ್ನು ಇನ್ನೊಬ್ಬರು ಪೂರ್ತಿ ಮಾಡಿದ್ದರೆ, ನಾನೂ ಸುಮ್ನೆ ಇರಿ ಅನ್ನುತ್ತಿದ್ದೆ.

ಅದೂ ಅಲ್ಲದೆ ಈ ಮಾತುಕತೆ ಅವರಿಗಷ್ಟೇ ಅಲ್ಲ, ಇವರಿಗೂ ಬೇಕು. ದಿನಾ ಯಾರ ಜೊತೆ ಕೆಲಸ ಮಾಡಬೇಕೋ ಅವರ ದನಿಯನ್ನೂ ಕೇಳದೆ ಸೇರುವುದಾ?

ಗುಬ್ಬಿಗೂಡು

ಸರಿ, ತಿರುಗಿ ಬರೆದೆ. ಎಚ್‌ಆರ್‌ಗೆ ಮಾತ್ರ. ನೋಡಿ:

> ನಮಸ್ಕಾರ. ಮಂಗಳವಾರ ಸಮಯ ಕೊಟ್ಟದ್ದಕ್ಕೆ ಮೂವರಿಗೂ ನನ್ನ ಧನ್ಯವಾದ ತಿಳಿಸಿ. ರಾತ್ರಿ ಓಡುವ ಡೇಟಾ ಜಾಬ್ ಕೆಟ್ಟಾಗ ತಂಡ ಏನು ಮಾಡುತ್ತದೆ ಅನ್ನುವ ಮಾತು ನನಗೆ ತುಂಬಾ ಉಪಯೋಗವಾಯಿತು.
>
> ತಂಡದ ಮ್ಯಾನೇಜರ್ ಜೊತೆಗಿನ ಭಾಗ ಅಂದು ಆಗಲಿಲ್ಲ. ಅದಕ್ಕೆ ಬೇರೆ ದಿನ ಈಗಾಗಲೇ ಗೊತ್ತುಮಾಡಿದ್ದೀರಾ? ಇಲ್ಲದಿದ್ದರೆ, ಅವರಿಗೆ ಅನುಕೂಲ ಇದ್ದರೆ, ಫೋನಿನಲ್ಲಿ 15 ನಿಮಿಷ ಮಾತಾಡಲು ಇಷ್ಟಪಡುತ್ತೇನೆ. ಮೊದಲ 6 ತಿಂಗಳಲ್ಲಿ ಈ ಹುದ್ದೆಯಿಂದ ಅವರು ಏನು ನಿರೀಕ್ಷಿಸುತ್ತಾರೆ ಅನ್ನುವುದನ್ನು ಅವರಿಂದಲೇ ಕೇಳುವ ಆಸೆ. ನನ್ನ ಹಿಂದಿನ ಕೆಲಸದ ಬಗ್ಗೆ ಅವರಿಗೆ ಕೇಳುವುದಿದ್ದರೆ ಅದನ್ನೂ ಆಗಲೇ ಮಾತಾಡಬಹುದು.
>
> ಗುರುವಾರ ಸಂಜೆ 4ರಿಂದ 6, ಶುಕ್ರವಾರ ಬೆಳಿಗ್ಗೆ 10ರಿಂದ 12, ಸೋಮವಾರ ಮಧ್ಯಾಹ್ನ 2ರ ನಂತರ ನಾನು ಬಿಡುವಾಗಿದ್ದೇನೆ. ನಿಮ್ಮ ಪದ್ಧತಿಯಲ್ಲಿ ಇದಕ್ಕೆ ಅವಕಾಶ ಇಲ್ಲದಿದ್ದರೆ ತೊಂದರೆ ಇಲ್ಲ. ಆ 6 ತಿಂಗಳ ಪ್ರಶ್ನೆಗೆ ಮೇಲ್‌ನಲ್ಲಿ ಉತ್ತರ ಸಿಕ್ಕರೂ ಸಾಕು.

ತಾರೀಖು ಇಲ್ಲಿ ತೆಗೆದಿದ್ದೇನೆ, ಮೇಲ್‌ನಲ್ಲಿ ಇದೆ.

ಕ್ಯಾಲೆಂಡರ್ ಕಾವಲು

ಇದು ನನಗೆ ಬಂದಿದ್ದರೆ ಎರಡನೇ ಪ್ಯಾರಾವನ್ನು ಹಾಗೆಯೇ ಎತ್ತಿ ಮ್ಯಾನೇಜರ್‌ಗೆ ಕಳಿಸಿಬಿಡುತ್ತಿದ್ದೆ. ಅದೇ ಬೇಕಾಗಿರುವುದು, ನಾನು ಏನೂ ಬರೆಯದೆ ಫಾರ್ವರ್ಡ್ ಒತ್ತುವ ಹಾಗಿರಬೇಕು. ಕೊನೆಯ ಎರಡು ಸಾಲು ಬಿಡಬೇಡಿ. "ಇಲ್ಲ" ಅನ್ನಲು ದಾರಿ ಇದ್ದರೆ ಜನ "ಹೂಂ" ಅನ್ನಲು ಹೆದರುವುದಿಲ್ಲ.

ಒಂದು ಸಣ್ಣ ವಿಷಯ, ಸಬ್ಜೆಕ್ಟ್ ಸಾಲು ಬದಲಿಸಬೇಡಿ. ಸಂದರ್ಶನದ ದಿನ ಗೊತ್ತುಮಾಡಿದ ಹಳೆಯ ಮೇಲ್‌ಗೇ ಉತ್ತರ ಹಾಕಿ. ಹೊಸ ಮೇಲ್ ಆದರೆ ಯಾವ ಹುದ್ದೆ, ಯಾರು ಅಂತ ಹುಡುಕಬೇಕು.

ಓಡುಕುದುರೆ

ಚೆನ್ನಾಗಿದೆ. ಜೊತೆಗೆ ಒಂದು ಕ್ಯಾಲೆಂಡರ್ ಇನ್ವೈಟ್ ಕೂಡ ಕಳಿಸಿಬಿಡಿ ಮೇಡಂ, ಒಪ್ಪಿದರೆ ಒಂದು ಕ್ಲಿಕ್.

ಕ್ಯಾಲೆಂಡರ್ ಕಾವಲು

ಬೇಡ ಬೇಡ! ಕೇಳದೆ ಬಂದ ಇನ್ವೈಟ್ ಅಂದರೆ ಕರೆಯದೆ ಬಂದು ಕುರ್ಚಿ ಎಳೆದುಕೊಂಡು ಕೂತ ಹಾಗೆ.

ಗುಬ್ಬಿಗೂಡು

ಬುಧವಾರ ಬೆಳಿಗ್ಗೆಯೇ ಕಳಿಸಿದೆ. ಸಂಜೆ ಆದರೂ ಉತ್ತರ ಇಲ್ಲ. ಇನ್ನೊಮ್ಮೆ ಕೇಳಲಾ?

ಹಳೇಮೇಜು

ಇಷ್ಟು ಬೇಗ ಬೇಡ. ನೀವು ಕೊಟ್ಟ ಕೊನೆಯ ಹೊತ್ತು ಸೋಮವಾರ ಅಲ್ವಾ? ಅದೂ ಸುಮ್ನೆ ದಾಟಿಹೋದರೆ ಮಂಗಳವಾರ ಎರಡು ಸಾಲು ಬರೆಯಿರಿ, ಹೊಸ ಹೊತ್ತುಗಳ ಜೊತೆ. ಅದಕ್ಕೂ ಉತ್ತರ ಬರದಿದ್ದರೆ ಮೂರನೆಯದು ಬೇಡ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ. 15 ನಿಮಿಷ ಸಿಕ್ಕರೆ ಏನು ಹೇಳುತ್ತೀರಿ ಅಂತ ಈಗಲೇ ಯೋಚಿಸಿ. ಮೇಲ್‌ನಲ್ಲಿ ಏನೇ ಬರೆದಿರಲಿ, ಅದು ಸಂದರ್ಶನವೇ. ನಿಮ್ಮ ಬಗ್ಗೆ ಒಂದೂವರೆ ನಿಮಿಷದ ಮಾತು, ತಪ್ಪಾದ ಒಂದು ಕೆಲಸದ ಕಥೆ, ಕೇಳಲು ಒಂದೇ ಪ್ರಶ್ನೆ. ಅಷ್ಟಕ್ಕೇ ಹೊತ್ತು ಮುಗಿಯುತ್ತದೆ.

ಗುಬ್ಬಿಗೂಡು

ಗುರುವಾರ ಮಧ್ಯಾಹ್ನ ಉತ್ತರ ಬಂತು! ಶುಕ್ರವಾರ 10:30ಕ್ಕೆ. "ನಾವೂ ಇದನ್ನೇ ಯೋಚಿಸುತ್ತಿದ್ದೆವು" ಅಂತ ಬರೆದಿದ್ದಾರೆ. ನಿಜವೋ ಸೌಜನ್ಯವೋ ಗೊತ್ತಿಲ್ಲ.

ಗುಬ್ಬಿಗೂಡು

ಮಾತು ಆಯಿತು. ಇಲ್ಲಿ ಇಷ್ಟು ಸಹಾಯ ಮಾಡಿದ್ದೀರಿ, ಪೂರ್ತಿ ಹೇಳುತ್ತೇನೆ.

ಅವರು ಮೊದಲೇ ಕ್ಷಮೆ ಕೇಳಿದರು. ನಾನು "ಪರವಾಗಿಲ್ಲ, ಇವತ್ತು ಸಿಕ್ಕಿದ್ದು ಒಳ್ಳೆಯದಾಯಿತು" ಅಂದು ಅಲ್ಲಿಗೇ ಬಿಟ್ಟೆ. ಉಳಿದವರು ಬರೆದದ್ದನ್ನು ಎದುರಿಗೇ ಇಟ್ಟುಕೊಂಡಿದ್ದರು ಅನಿಸುತ್ತದೆ, "ಕೋಡ್ ಬಗ್ಗೆ ನಾನು ಏನೂ ಕೇಳುವುದಿಲ್ಲ" ಅಂದರು. ಆಮೇಲೆ ಒಂದೇ ಪ್ರಶ್ನೆ. ನೀವು ಮಾಡಿದ್ದು ಯಾವಾಗಾದರೂ ತಪ್ಪು ಅಂಕಿ ಕೊಟ್ಟಿತ್ತಾ, ಅದು ಹೇಗೆ ಗೊತ್ತಾಯಿತು?

ಹಳೇಮೇಜು ಸರ್, ನೀವು ಹೇಳಿದ್ದಕ್ಕೇ ಕಥೆ ತಯಾರಿತ್ತು. ಒಂದು ರಾತ್ರಿ ನಮ್ಮ ಜಾಬ್ ಇನ್ನೇನು ಮುಗಿಯಬೇಕು ಅನ್ನುವಾಗ ನಿಂತಿತ್ತು, ಬೆಳಿಗ್ಗೆ ನಾನೇ ಮತ್ತೆ ಓಡಿಸಿದೆ. ಮೊದಲ ಸಲ ಬರೆದಿದ್ದ ಸಾಲುಗಳು ಹಾಗೆಯೇ ಉಳಿದಿದ್ದವು, ಅದರ ಮೇಲೆ ಎರಡನೇ ಸಲದ್ದೂ ಬಂದು ಕೂತಿತು. ಆ ಒಂದು ದಿನದ ಮೊತ್ತ ಹೆಚ್ಚುಕಮ್ಮಿ ಎರಡರಷ್ಟು. ನನಗೆ ಗೊತ್ತೇ ಆಗಲಿಲ್ಲ, ಜಾಬ್ ಹಸಿರು ಬಣ್ಣದಲ್ಲಿ ಮುಗಿದಿತ್ತಲ್ಲ. ಲೆಕ್ಕದ ವಿಭಾಗದವರು ತಮ್ಮ ಪಟ್ಟಿಗೆ ಹೋಲಿಸಿ ನೋಡಿ ಹೇಳಿದರು. ಆಮೇಲೆ ನಾನು ಜಾಬ್ ಬದಲಿಸಿದೆ. ಈಗ ಅದು ಮೊದಲು ಆ ದಿನದ ಸಾಲುಗಳನ್ನು ಅಳಿಸಿ, ಆಮೇಲೆ ಬರೆಯುತ್ತದೆ, ಹತ್ತು ಸಲ ಓಡಿಸಿದರೂ ಒಂದೇ ಉತ್ತರ. ಹಿಂದಿನ ವಾರದ ಅದೇ ದಿನಕ್ಕಿಂತ ಸಾಲುಗಳ ಸಂಖ್ಯೆ ತುಂಬಾ ಏರುಪೇರಾದರೆ ಎಚ್ಚರಿಸುವ ಒಂದು ಚೆಕ್ ಕೂಡ ಸೇರಿಸಿದೆ. "ಬೇರೆಯವರು ಹೇಳಿದ ಮೇಲೆ ಗೊತ್ತಾಯಿತು" ಅಂತ ಒಪ್ಪಿಕೊಳ್ಳುವಾಗ ದನಿ ಸ್ವಲ್ಪ ಸಣ್ಣದಾಯಿತು ನಿಜ. ಅವರು ನಕ್ಕು "ನಮ್ಮಲ್ಲೂ ಹಾಗೇ ಗೊತ್ತಾಗುವುದು" ಅಂದರು.

ಆಮೇಲೆ ನನ್ನ ಪ್ರಶ್ನೆ. ಮೊದಲ 6 ತಿಂಗಳು ಏನು ಕೆಲಸ? ಇಲ್ಲೇ ಗಾಳಿ ಬೇರೆ ಕಡೆ ತಿರುಗಿದ್ದು. ಜಾಹೀರಾತಿನಲ್ಲಿ ಹೊಸ ವ್ಯವಸ್ಥೆ ಕಟ್ಟುವುದು ಅಂತ ಇತ್ತು. ಇವರು ಹೇಳಿದ್ದು, ಮೊದಲು ಹಳೆಯದನ್ನೆಲ್ಲ ಒಂದೊಂದಾಗಿ ಸ್ಥಳಾಂತರ ಮಾಡಬೇಕು, ಅದು ಮುಗಿಯುವವರೆಗೆ ಹೊಸದಕ್ಕೆ ಕೈ ಹಾಕುವುದಿಲ್ಲ ಅಂತ. ಮುಚ್ಚುಮರೆ ಇಲ್ಲದೆ ಹೇಳಿದರು, ಅದು ಇಷ್ಟವಾಯಿತು. ಕೆಲಸ ಇಷ್ಟವಾಯಿತಾ? ಗೊತ್ತಿಲ್ಲ. ಈಗಿನ ಕಂಪನಿಯಲ್ಲಿ ಒಂದು ವರ್ಷ ಅದನ್ನೇ ಮಾಡಿ ಬೇಸತ್ತು ಹೊರಟವಳು ನಾನು.

ಒಟ್ಟು 22 ನಿಮಿಷ ಆಯಿತು. 15ನೇ ನಿಮಿಷಕ್ಕೆ "ಹೊತ್ತಾಯಿತು" ಅಂತ ನಾನೇ ಹೇಳಿದೆ, ಅವರೇ ಮುಂದುವರಿಸಿದರು. ಬರುವ ವಾರ ತಿಳಿಸುತ್ತಾರಂತೆ.

ಓಡುಕುದುರೆ

ಸೂಪರ್ ಮೇಡಂ, ಖಂಡಿತ ಆಫರ್ ಬರುತ್ತದೆ. 22 ನಿಮಿಷ ಅಂದರೆ ಇಷ್ಟವಾಗಿದ್ದೀರಿ ಅಂತಲೇ ಅರ್ಥ.

ಹಳೇಮೇಜು

ಹಾಗೆ ಹೇಳಲಾಗದು. ಬೇಡ ಅನಿಸಿದವರ ಜೊತೆಗೂ ನಾನು ಅರ್ಧ ಗಂಟೆ ಹರಟಿದ್ದಿದೆ. ಆದರೆ ಆ ಕಥೆ ಹೇಳಿದ್ದು ಒಳ್ಳೆಯದಾಯಿತು, ಸಭೆಯಲ್ಲಿ ಈಗ ಆ ಜಾಗ ಖಾಲಿ ಇಲ್ಲ.

ಗುಬ್ಬಿಗೂಡು ಅವರೇ, ಆಫರ್ ಬಂದರೆ ಒಪ್ಪುವ ಮುಂಚೆ ಇನ್ನೊಂದು ಮಾತುಕತೆ ಕೇಳಿ, ಈ ಸಲ ಅಳುಕದೆ. ಬೇಕು ಅಂತ ಹೇಳಿದ ಮೇಲೆ ಅವರು ಹೊತ್ತು ಕೊಡುತ್ತಾರೆ. ಸ್ಥಳಾಂತರ ಮಾಡಬೇಕಾದವು ಎಷ್ಟು, ಈಗಾಗಲೇ ಎಷ್ಟು ಆಗಿದೆ, ಎಷ್ಟು ಜನ ಅದರಲ್ಲಿದ್ದಾರೆ ಅಂತ ಕೇಳಿ. ಆರು ತಿಂಗಳು ನಿಜಕ್ಕೂ ಆರು ತಿಂಗಳಾ ಅನ್ನುವುದು ಆ ಮೂರು ಉತ್ತರದಲ್ಲಿ ಸಿಗುತ್ತದೆ.

ಪುಸ್ತಕದಹುಳು

ಅಂದರೆ ಈ ಭೇಟಿ ಆಗದಿದ್ದರೆ ಇವರಿಗೆ ಸೇರಿದ ಮೇಲೆಯೇ ಗೊತ್ತಾಗುತ್ತಿತ್ತು, ಅಲ್ವಾ? ಆ ಮೂವರಲ್ಲಿ ಒಬ್ಬರೂ ಇದನ್ನು ಹೇಳಿರಲಿಲ್ಲವಾ?

ಗುಬ್ಬಿಗೂಡು

ಇಲ್ಲ. ನಾನೂ ಅವರನ್ನು ಕೇಳಿರಲಿಲ್ಲ. ಕೋಡ್ ಬರೆಯುವುದರಲ್ಲೇ ಮುಳುಗಿದ್ದೆ.

ಎಚ್‌ಆರ್‌ಗೆ ಒಂದು ಸಾಲಿನ ಧನ್ಯವಾದ ಕಳಿಸಿದೆ, ಮ್ಯಾನೇಜರ್‌ಗೂ ತಿಳಿಸಿ ಅಂತ. ಬರುವ ವಾರ ಏನಾದರೂ ಬಂದರೆ ಇಲ್ಲೇ ಬರೆಯುತ್ತೇನೆ.